ಮೂವರ ಟಿಕೆಟ್‌ನಲ್ಲಿ ಒಬ್ಬರು ವೇಟಿಂಗ್: ತಾನಾಗಿ ಕ್ಯಾನ್ಸಲ್ ಆಗುತ್ತೆ ಅಂತ ಕೂರಬೇಡಿ

ಅಪ್ಪ ಅಮ್ಮನಿಗೆ ಗಾಣಗಾಪುರದ ದತ್ತನ ದರ್ಶನ ಮಾಡಿಸೋಣ ಅಂತ ಹಾಸನದಿಂದಲೇ ಹೊರಡುವ ರೈಲಿಗೆ ಆನ್‌ಲೈನ್‌ನಲ್ಲಿ ಸ್ಲೀಪರ್ ಟಿಕೆಟ್ ಮಾಡಿಸಿದ್ದೆ. ಮೂವರಿಗೂ ಒಂದೇ ಪಿಎನ್‌ಆರ್, ವೇಟಿಂಗ್ 14, 15, 16. ಚಾರ್ಟ್ ಆದ ಮೇಲೆ ನೋಡಿದರೆ ಅಪ್ಪ ಅಮ್ಮನದು ಆರ್‌ಎಸಿ, ನನ್ನದು ವೇಟಿಂಗ್ 1.

ನಾನು ಎರಡು ತಪ್ಪು ತಿಳಿದಿದ್ದೆ. ಆರ್‌ಎಸಿ ಬಂದರೆ ಮಲಗೋಕೆ ಬರ್ತ್ ಸಿಕ್ಕಿತು ಅಂದುಕೊಂಡಿದ್ದು ಒಂದು. ವೇಟಿಂಗ್ ಉಳಿದವರ ಟಿಕೆಟ್ ತಾನಾಗಿ ರದ್ದಾಗಿ ದುಡ್ಡು ಬರುತ್ತೆ ಅಂದುಕೊಂಡಿದ್ದು ಇನ್ನೊಂದು.

ಅಪ್ಪ ಅಮ್ಮ ಇಬ್ಬರ ಹೆಸರಿನ ಮುಂದೆಯೂ ಇದ್ದದ್ದು ಎಸ್3, 23. ಅದು ಸೈಡ್ ಲೋಯರ್. ಆರ್‌ಎಸಿ ಅಂದರೆ ಇಬ್ಬರಿಗೆ ಆ ಒಂದೇ ಬರ್ತ್, ಎದುರುಬದುರು ಕೂತು ಹೋಗಬೇಕು. ಹಣ ಮಾತ್ರ ಪೂರಾ ಬರ್ತಿನದೇ. ಯಾರಾದರೂ ಬರದೆ ಬರ್ತ್ ಖಾಲಿ ಉಳಿದರೆ ಟಿಟಿ ಸರದಿ ಪ್ರಕಾರ ಆರ್‌ಎಸಿಯವರಿಗೆ ಕೊಡುತ್ತಾರೆ. ಅವತ್ತು ಒಂದೂ ಉಳಿಯಲಿಲ್ಲ. ಮಂಡಿನೋವಿನ ಅಪ್ಪ ಕಾಲು ಚಾಚಲು ಜಾಗವಿಲ್ಲದೆ ರಾತ್ರಿಯಿಡೀ ಕೂತೇ ಇದ್ದರು. ಪಕ್ಕಾ ಮಲಗೋ ಜಾಗ ಬೇಕಿದ್ದರೆ ಹೆಸರಿನ ಮುಂದೆ ಕನ್ಫರ್ಮ್, ಅಂದರೆ `CNF` ಅಂತಲೇ ಇರಬೇಕು.

ನನ್ನ ಪಾಡು ಇನ್ನೂ ಕಷ್ಟ. "ನೋಡಿ ಸಾರ್, ನಿಮ್ಮ ಟಿಕೆಟ್ ರದ್ದಾಗಿಲ್ಲ, ಆದರೆ ನಿಮಗೆ ಇಲ್ಲಿ ಜಾಗವೂ ಇಲ್ಲ. ಜನರಲ್ ಬೋಗಿಗೆ ಹೋಗಿ" ಅಂದರು ಟಿಟಿ. ಆನ್‌ಲೈನ್ ಟಿಕೆಟ್‌ನಲ್ಲಿ ಚಾರ್ಟ್ ಆದ ಮೇಲೂ ಎಲ್ಲರೂ ವೇಟಿಂಗ್‌ನಲ್ಲೇ ಉಳಿದರೆ ಮಾತ್ರ ತಾನಾಗಿ ರದ್ದಾಗುತ್ತದೆ. ಒಬ್ಬರಿಗಾದರೂ ಆರ್‌ಎಸಿ ಅಥವಾ ಕನ್ಫರ್ಮ್ ಸಿಕ್ಕಿದರೆ ಆ ಪಿಎನ್‌ಆರ್ ಹಾಗೇ ಉಳಿಯುತ್ತದೆ, ವೇಟಿಂಗ್‌ನವರ ದುಡ್ಡೂ ಅದರಲ್ಲೇ ಸಿಕ್ಕಿಕೊಳ್ಳುತ್ತದೆ. ವಯಸ್ಸಾದವರಿಬ್ಬರನ್ನೇ ಬಿಟ್ಟು ನಾನು ಜನರಲ್‌ನಲ್ಲಿ ನಿಂತು ಹೋದೆ. ಅಮ್ಮನ ಫೋನ್ ಬಂದಾಗಲೆಲ್ಲ ಎದೆ ಧಸಕ್ ಅನ್ನುತ್ತಿತ್ತು.

ಆಮೇಲೆ ತಿಳಿದದ್ದು ಕೇಳಿ ಹೊಟ್ಟೆ ಉರಿಯಿತು. ಒಂದೇ ಟಿಕೆಟ್‌ನಲ್ಲಿ ಕೆಲವರಿಗೆ ಸಿಕ್ಕಿ ಕೆಲವರು ವೇಟಿಂಗ್ ಉಳಿದಿದ್ದರೆ, ರೈಲು ಹೊರಡುವ ಸಮಯಕ್ಕೆ 30 ನಿಮಿಷ ಮುಂಚಿನವರೆಗೂ ಇಡೀ ಟಿಕೆಟ್ ವಾಪಸ್ ಮಾಡಬಹುದು. ಕನ್ಫರ್ಮ್ ಆದವರ ಹಣವೂ ಬರುತ್ತದೆ. ಸ್ಲೀಪರ್‌ನಲ್ಲಿ ತಲೆಗೆ 60 ರೂಪಾಯಿ ಅಷ್ಟೇ ಹಿಡಿಯುತ್ತಾರೆ. ಚಾರ್ಟ್ ಆದ ಮೇಲಾದರೆ ಟಿಕೆಟ್ ಮಾಡಿಸಿದ ಅದೇ ಖಾತೆಯಲ್ಲಿ ಟಿಡಿಆರ್, ಅಂದರೆ ಹಣ ವಾಪಸ್ ಕೇಳುವ ಅರ್ಜಿ ಹಾಕಬೇಕು. ಚಾರ್ಟ್ ನೋಡಿದಾಗ ನನಗೆ ಬೇಕಾದಷ್ಟು ಹೊತ್ತಿತ್ತು. ತಾನಾಗಿ ಆಗುತ್ತೆ ಅಂತ ಸುಮ್ಮನಿದ್ದೆ.

ಉಳಿದವರು ಹೊರಟು ವೇಟಿಂಗ್‌ನವರು ಮನೆಯಲ್ಲೇ ಉಳಿದರೆ, ಅವರು ಬಂದಿಲ್ಲ ಅಂತ ರೈಲಿನಲ್ಲಿ ಟಿಟಿಯಿಂದ ಬರೆಸಿಕೊಳ್ಳಿ. ಊರು ತಲುಪಿದ 72 ಗಂಟೆಯೊಳಗೆ ಅದರ ಆಧಾರದ ಮೇಲೆ ಟಿಡಿಆರ್ ಹಾಕಬಹುದು.