“ಮಾರಿದ ಮಾಲು ವಾಪಸ್ ಇಲ್ಲ” ಅಂತ ಬಿಲ್ಲಿನಲ್ಲಿದೆ ಎಂದು ಸುಮ್ಮನಾಗಬೇಡಿ: ನನ್ನ ಹೊಲಿಗೆ ಮಷೀನಿನ ಕಥೆ

ನಾನು ಬಳ್ಳಾರಿಯಲ್ಲಿ ಮನೆಯಲ್ಲೇ ಕೂತು ಜೀನ್ಸ್ ಹೊಲಿಯುತ್ತೇನೆ. ಕೌಲ್ ಬಜಾರ್ ಕಡೆಯ ಒಂದು ಯೂನಿಟ್‌ನಿಂದ ಕತ್ತರಿಸಿದ ಬಟ್ಟೆಯ ಬಂಡಲ್ ಬರುತ್ತದೆ, ಹೊಲಿದು ಕೊಟ್ಟರೆ ಪೀಸಿನ ಲೆಕ್ಕದಲ್ಲಿ ದುಡ್ಡು. ಹಳೇ ಮಷೀನು ದಪ್ಪ ಬಟ್ಟೆ ತಡೆಯುತ್ತಿರಲಿಲ್ಲ. ಅದಕ್ಕೆ ಮೇ 6ರಂದು ನಮ್ಮೂರಿನ ಒಂದು ಅಂಗಡಿಯಲ್ಲಿ ಟೇಬಲ್ ಮತ್ತು ಮೋಟರ್ ಸಮೇತ ಹೊಸ ಪವರ್ ಮಷೀನ್ ತಗೊಂಡೆ. 23,500 ರೂಪಾಯಿ. ಸಂಘದಲ್ಲಿ ಸಾಲ ಮಾಡಿದ ದುಡ್ಡು. ಆಟೋ ಬಾಡಿಗೆ 600 ಬೇರೆ.

ಮಾರನೇ ದಿನವೇ ತೊಂದರೆ ಶುರು. ಸಾದಾ ಬಟ್ಟೆ ಮೇಲೆ ಚೆನ್ನಾಗಿ ಓಡುತ್ತಿತ್ತು. ಪ್ಯಾಂಟಿನ ಕಾಲ ಮಡಿಕೆ ಹತ್ತಿರ, ನಾಲ್ಕು ಪದರ ಕೂಡುವ ಜಾಗದಲ್ಲಿ, ಹೊಲಿಗೆ ಬಿಡುತ್ತಿತ್ತು. ಎರಡು ಹೊಲಿಗೆ ಬೀಳುತ್ತದೆ, ಮೂರನೆಯದು ಇಲ್ಲ. ಮೇಲಿನ ದಾರ ಉದ್ದಕ್ಕೆ ಸಡಿಲವಾಗಿ ನಿಲ್ಲುತ್ತದೆ, ಉಗುರಿನಿಂದ ಎಳೆದರೆ ಇಡೀ ಸಾಲು ಬಿಚ್ಚಿಕೊಳ್ಳುತ್ತದೆ. ನನ್ನ ಕೈ ತಪ್ಪು ಇರಬಹುದು ಅಂತ ಮೊದಲು ಸೂಜಿ ಬದಲಿಸಿದೆ, ಜೀನ್ಸಿಗೆ ಹಾಕುವ 18 ನಂಬರಿನ ಹೊಸ ಸೂಜಿ. ದಾರ ಬದಲಿಸಿದೆ. ಮತ್ತೆ ಮೊದಲಿಂದ ದಾರ ಪೋಣಿಸಿದೆ. ಮೂರು ಥರದ ಬಟ್ಟೆ ಮೇಲೆ ಓಡಿಸಿದೆ. ಅದೇ ಕಥೆ. ಇಷ್ಟು ಮಾಡಿದ್ದು ಒಳ್ಳೆಯದಾಯಿತು, ಯಾಕೆಂದರೆ ಆಮೇಲೆ ಅಂಗಡಿಯವರು ಕೇಳಿದ ಮೊದಲ ಪ್ರಶ್ನೆಯೇ “ಸೂಜಿ ಸರಿ ಹಾಕಿದ್ರಾ ಅಕ್ಕಾ?” ಅಂತ.

8ನೇ ತಾರೀಖು ಅಂಗಡಿಗೆ ಹೋದೆ. ಬದಲಿ ಕೊಡಿ ಅಂದೆ. ಮಾಲೀಕರು ಬಿಲ್ಲು ತಿರುಗಿಸಿ ಕೆಳಗೆ ಬೆರಳಿಟ್ಟರು. ಸಣ್ಣ ಅಕ್ಷರದಲ್ಲಿ “ಒಮ್ಮೆ ಮಾರಿದ ಮಾಲನ್ನು ವಾಪಸ್ ಪಡೆಯುವುದಿಲ್ಲ” ಅಂತ ಅಚ್ಚಾಗಿತ್ತು. “ನೋಡ್ರಿ ಅಕ್ಕಾ, ಮೊದಲೇ ಬರೆದಿದೀವಿ. ರಿಪೇರಿ ಮಾಡಿಸಿಕೊಡ್ತೀವಿ, ಅಷ್ಟೇ” ಅಂದರು. ನನಗೆ ಬಾಯಿಗೆ ಮಾತು ಬರಲಿಲ್ಲ. ಅಚ್ಚಾಗಿದೆ ಅಂದಮೇಲೆ ಅದೇ ಕಾನೂನು ಅಂದುಕೊಂಡು ವಾಪಸ್ ಬಂದೆ.

ನಿಮಗೆ ಇದೇ ಆದರೆ ಆ ಬೆರಳು ತೋರಿಸಿದ ಕೂಡಲೇ ಎದ್ದು ಬರಬೇಡಿ. ಆ ಸಾಲಿಗೆ ಅವರು ಹೇಳುವಷ್ಟು ಬಲ ಇಲ್ಲ.

2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ 2(47) ಕಲಮಿನಲ್ಲಿ ಮೋಸದ, ಅನ್ಯಾಯದ ವ್ಯಾಪಾರ ಪದ್ಧತಿ ಯಾವುದು ಅಂತ ಪಟ್ಟಿ ಇದೆ. ದೋಷ ಇರುವ ಮಾಲನ್ನು ವಾಪಸ್ ತಗೊಂಡು ದುಡ್ಡು ಕೊಡಲು ಒಪ್ಪದಿರುವುದೂ ಅದರಲ್ಲಿ ಒಂದು. ಬಿಲ್ಲಿನಲ್ಲಿ ಇಷ್ಟು ದಿನದೊಳಗೆ ಅಂತ ಬರೆದಿದ್ದರೆ ಅಷ್ಟು ದಿನ, ಏನೂ ಬರೆದಿಲ್ಲ ಅಂದರೆ 30 ದಿನ. “ವಾಪಸ್ ಇಲ್ಲ” ಅನ್ನುವುದು ದಿನದ ಲೆಕ್ಕವಲ್ಲ, ಅಲ್ವಾ? ಆದ್ದರಿಂದ 30 ದಿನ ನಮಗೆ ಉಂಟು ಅನ್ನುವುದೇ ನಮ್ಮ ವಾದ. ಬಿಲ್ಲು ಕೊಡದಿರುವುದೂ ಅದೇ ಪಟ್ಟಿಯಲ್ಲಿದೆ, ಹಾಗಾಗಿ ಬಿಲ್ಲು ಕೇಳಲು ಹಿಂಜರಿಯಬೇಡಿ.

ಒಂದು ವಿಷಯ ಮಾತ್ರ ನೆನಪಿರಲಿ. ಇದು ದೋಷ ಇದ್ದಾಗಿನ ಮಾತು. ಬಣ್ಣ ಇಷ್ಟವಾಗಲಿಲ್ಲ, ಇನ್ನೊಂದು ಅಂಗಡಿಯಲ್ಲಿ ಕಡಿಮೆಗೆ ಸಿಕ್ಕಿತು, ಮನಸ್ಸು ಬದಲಾಯಿತು ಅಂದರೆ ಅಂಗಡಿಯವರು ಬೇಡ ಅನ್ನಬಹುದು. ಅಲ್ಲಿ ಆ ಸಾಲು ನಡೆಯುತ್ತದೆ.

ನಾನು ಮಾಡಿದ ದೊಡ್ಡ ತಪ್ಪು ಮುಂದಿನದು. ನನಗೆ ಈಗಲೂ ಹೊಟ್ಟೆ ಉರಿಯುವುದು ಇದಕ್ಕೇ. ಮೇ 11ರಂದು ಅಂಗಡಿಯ ಹುಡುಗ ಬಂದು ಮಷೀನಿನ ತಲೆ ಬಿಚ್ಚಿ ಸ್ಕೂಟರಿನ ಮೇಲೆ ತಗೊಂಡು ಹೋದ. ಒಂದು ಚೀಟಿಯನ್ನೂ ಕೊಡಲಿಲ್ಲ, ನಾನೂ ಕೇಳಲಿಲ್ಲ. ದಿನಾ ಫೋನ್ ಮಾಡಿದರೆ “ನಾಳೆ ಅಕ್ಕಾ”. 19ಕ್ಕೆ ವಾಪಸ್ ಬಂತು. ಎಂಟು ದಿನ ಹೋಯಿತು. ಆ ಎಂಟು ದಿನ ಮಷೀನು ಅವರ ಹತ್ತಿರ ಇತ್ತು ಅನ್ನುವುದಕ್ಕೆ ನನ್ನ ಹತ್ತಿರ ಏನೂ ಸಾಕ್ಷಿ ಇರಲಿಲ್ಲ, ಒಂದು ವಾಟ್ಸಪ್ ಮೆಸೇಜ್ ಬಿಟ್ಟರೆ. “ಹುಕ್ ಹೊಸದು ಹಾಕಿದೀವಿ, ಇವತ್ತು ಕಳಿಸ್ತೀವಿ” ಅಂತ ಅವರೇ ಬರೆದಿದ್ದರು. ಕೊನೆಗೆ ನನ್ನ ಕೈ ಹಿಡಿದಿದ್ದು ಆ ಒಂದು ಸಾಲು. ರಿಪೇರಿಗೆ ಕೊಡುವಾಗ ತಾರೀಖು, ಮಷೀನಿನ ನಂಬರು, ಏನು ದೋಷ ಅಂತ ಬರೆದ ಜಾಬ್ ಕಾರ್ಡ್ ಇಲ್ಲದೆ ಮಾಲು ಮನೆ ದಾಟಬಾರದು. ಕೊಡುವುದಿಲ್ಲ ಅಂದರೆ ನೀವೇ ಅಷ್ಟನ್ನೂ ಬರೆದು ಅಂಗಡಿಯವರಿಗೆ ವಾಟ್ಸಪ್ ಮಾಡಿ. ಆ ಫೋನಿನ ಮೆಸೇಜ್ ಅಳಿಸಬೇಡಿ.

ಮೂರು ದಿನ ಸರಿ ಓಡಿತು. 22ಕ್ಕೆ ಮತ್ತೆ ಹೊಲಿಗೆ ಬಿಡತೊಡಗಿತು. ಈ ಸಲ ಅಂಗಡಿಗೆ ಹೋಗಲಿಲ್ಲ, ನಮ್ಮ ಓಣಿಯ ಹಳೇ ಮೆಕ್ಯಾನಿಕ್ ಒಬ್ಬರನ್ನು ಕರೆದೆ. ಅವರು ಸೂಜಿ ತಟ್ಟೆ ಬಿಚ್ಚಿ ಟಾರ್ಚ್ ಹಾಕಿ ನನಗೇ ತೋರಿಸಿದರು. ಹುಕ್ ಅಂದರೆ ಬಾಬಿನ್ ಸುತ್ತ ತಿರುಗುವ ಭಾಗ. ಅದರ ಮೊನೆ ಸೂಜಿಯ ಪಕ್ಕದಲ್ಲೇ ಹಾದು ಹೋಗಿ ದಾರದ ಕುಣಿಕೆ ಹಿಡಿಯಬೇಕು. ಮೂರೇ ದಿನದ ಹೊಸ ಹುಕ್ಕಿನ ಮೊನೆಯ ಮೇಲೆ ಗೀರು ಬಿದ್ದಿತ್ತು. ಅವರು ಹುಕ್ ಹಿಡಿದು ಅಲ್ಲಾಡಿಸಿದರು, ಕಟಕಟ ಅಂತ ಆಡಿತು. “ಹುಕ್ ನಿಲ್ಲುವ ಶಾಫ್ಟೇ ಸಡಿಲ ಇದೆ ಅಮ್ಮಾ. ಎಷ್ಟು ಹುಕ್ ಹಾಕಿದ್ರೂ ಸೂಜಿಗೆ ತಗುಲತ್ತೆ” ಅಂದರು. ಹುಕ್ಕೂ ಸೂಜಿಯೂ ಕೂಡುವ ಟೈಮಿಂಗ್ ಅಷ್ಟೇ ತಪ್ಪಿದ್ದರೆ ಒಂದು ಗಂಟೆಯ ಕೆಲಸ. ಇದು ಹಾಗಲ್ಲ. ಅದನ್ನೇ ಒಂದು ಹಾಳೆಯಲ್ಲಿ ಬರೆಸಿ, ತಾರೀಖು ಹಾಕಿಸಿ, ಸಹಿ ಮಾಡಿಸಿಕೊಂಡೆ. ಬಿಟ್ಟ ಹೊಲಿಗೆಯ ಬಟ್ಟೆ ತುಂಡನ್ನೂ ಅದಕ್ಕೇ ಪಿನ್ ಮಾಡಿದೆ.

ಮತ್ತೆ ಅಂಗಡಿಗೆ ಹೋದಾಗ ಹೊಸ ಮಾತು ಬಂತು. “ಇದು ದಂಧೆಗೆ ತಗೊಂಡ ಮಷೀನು. ಗ್ರಾಹಕರ ಕಾನೂನು ನಿಮಗೆ ಬರಲ್ಲ.” ಇದನ್ನು ಕೇಳಿ ನಾನು ನಿಜವಾಗಿಯೂ ಹೆದರಿದೆ, ಯಾಕೆಂದರೆ ಅದರಲ್ಲಿ ಅರ್ಧ ನಿಜ ಇದೆ. ವ್ಯಾಪಾರದ ಉದ್ದೇಶಕ್ಕೆ ಕೊಂಡವರು ಆ ಕಾಯ್ದೆಯಲ್ಲಿ ಗ್ರಾಹಕರಲ್ಲ. ವಕೀಲರ ಹತ್ತಿರ ಗುಮಾಸ್ತರಾಗಿದ್ದ ನಮ್ಮ ಮಾವ ಉಳಿದ ಅರ್ಧ ಹೇಳಿದರು. ತನ್ನ ಹೊಟ್ಟೆಪಾಡಿಗಾಗಿ, ತಾನೇ ದುಡಿದು ಜೀವನ ಮಾಡಲು ಮಾತ್ರ ಕೊಂಡ ವಸ್ತು ವ್ಯಾಪಾರದ ಉದ್ದೇಶ ಅನ್ನಿಸಿಕೊಳ್ಳುವುದಿಲ್ಲ ಅಂತ ಅದೇ ಕಾಯ್ದೆಯ 2(7) ಕಲಮಿನ ವಿವರಣೆಯಲ್ಲಿದೆ. ಹಳೇ ಕಾಯ್ದೆ ಇದ್ದಾಗಲೇ, 1995ರಲ್ಲಿ, ಸುಪ್ರೀಂ ಕೋರ್ಟ್ ಇದನ್ನು ಬಿಡಿಸಿ ಹೇಳಿದೆ. ತಾನೇ ಓಡಿಸಿ ಬದುಕಲು ಆಟೋ ಕೊಂಡವನು ಗ್ರಾಹಕನೇ. ಒಬ್ಬಿಬ್ಬರ ಸಹಾಯ ತಗೊಂಡರೂ ಆ ಹಕ್ಕು ಹೋಗುವುದಿಲ್ಲ. ಮಷೀನಿನ ಮುಂದೆ ಕೂರುವುದು ನಾನು. ಹತ್ತು ಮಷೀನ್ ಹಾಕಿ ಕೆಲಸದವರನ್ನು ಕೂರಿಸಿದ್ದರೆ ಮಾತು ಬೇರೆ.

ಮನೆಯಲ್ಲೇ ಹೊಲಿಯುವ ಅಕ್ಕತಂಗಿಯರಿಗೆ ಇದನ್ನು ಒತ್ತಿ ಹೇಳುತ್ತೇನೆ. ಬಿಲ್ಲು ನಿಮ್ಮ ಸ್ವಂತ ಹೆಸರಿನಲ್ಲಿರಲಿ. “ಇಂಥ ಗಾರ್ಮೆಂಟ್ಸ್” ಅಂತ ಯಾರದೋ ಹೆಸರು, ಯಾರದೋ ಜಿಎಸ್‌ಟಿ ನಂಬರು ಹಾಕಿಸಿದರೆ ಇದೇ ವಾದಕ್ಕೆ ನೀವೇ ದಾರಿ ಮಾಡಿಕೊಟ್ಟಂತೆ.

ಮೇ 26ರಂದು, ಕೊಂಡ 20ನೇ ದಿನ, ಸ್ಪೀಡ್ ಪೋಸ್ಟಿನಲ್ಲಿ ಕಾಗದ ಹಾಕಿದೆ. ಬೈಗುಳ ಇಲ್ಲ, ಗೋಳಾಟ ಇಲ್ಲ. ಇಷ್ಟೇ ಬರೆದಿದ್ದೆ:

“ದಿನಾಂಕ 6ರಂದು ನಿಮ್ಮಲ್ಲಿ ಕೊಂಡ ಮಷೀನಿನಲ್ಲಿ ಹೊಲಿಗೆ ಬಿಡುವ ದೋಷವಿದೆ. 8ರಂದು ತಿಳಿಸಿದ್ದೇನೆ. 11ರಿಂದ 19ರವರೆಗೆ ನೀವು ರಿಪೇರಿ ಮಾಡಿದ್ದೀರಿ. 22ರಿಂದ ಅದೇ ದೋಷ ಮರಳಿದೆ. ಮೆಕ್ಯಾನಿಕ್ ಬರೆದುಕೊಟ್ಟ ಪ್ರತಿ ಜೊತೆಗಿದೆ. ನಾನೇ ಹೊಲಿದು ಜೀವನ ನಡೆಸಲು ಕೊಂಡದ್ದು. ಬಿಲ್ಲಿನಲ್ಲಿ ವಾಪಸ್ ಇಲ್ಲ ಎಂದಿದ್ದರೂ, ದೋಷವಿರುವ ಮಾಲನ್ನು ವಾಪಸ್ ಪಡೆಯದಿರುವುದು 2019ರ ಕಾಯ್ದೆಯ 2(47)ರಂತೆ ಅನ್ಯಾಯದ ವ್ಯಾಪಾರ ಪದ್ಧತಿ. 10 ದಿನದೊಳಗೆ 23,500 ರೂಪಾಯಿ ಮರಳಿಸಿ ಮಷೀನು ತೆಗೆದುಕೊಂಡು ಹೋಗಿ. ಇಲ್ಲವಾದರೆ ಬಳ್ಳಾರಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡುತ್ತೇನೆ.”

ಅದೇ ದಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರಿನ ನಂಬರ್ ತಗೊಂಡೆ. ಕನ್ನಡದಲ್ಲೇ ಮಾತಾಡಬಹುದು. ಅವರು ಎದುರಿನವರ ಜೊತೆ ಮಾತಾಡಿ ಬಗೆಹರಿಸಲು ನೋಡುತ್ತಾರೆ, ಆದೇಶ ಮಾಡುವ ಅಧಿಕಾರ ಅವರಿಗಿಲ್ಲ. ಆದೇಶ ಬೇಕೆಂದರೆ ಆಯೋಗವೇ.

ಆಯೋಗದ ಬಗ್ಗೆ ಮಾವ ಕೂರಿಸಿಕೊಂಡು ಹೇಳಿದ್ದು ಇದು. ದೂರನ್ನು e-jagriti.gov.in ನಲ್ಲಿ ಮನೆಯಿಂದಲೇ ಹಾಕಬಹುದು. ಕೊಟ್ಟ ಬೆಲೆ 5 ಲಕ್ಷದೊಳಗೆ ಇದ್ದರೆ ಶುಲ್ಕ ಇಲ್ಲ. ವಕೀಲರು ಬೇಕೇ ಬೇಕು ಅಂತಿಲ್ಲ. ನೀವು ವಾಸ ಇರುವ ಜಿಲ್ಲೆಯಲ್ಲೇ ಹಾಕಬಹುದು, ಅಂಗಡಿ ಬೆಂಗಳೂರಿನಲ್ಲಿದ್ದರೂ ಸರಿ. ಎರಡು ವರ್ಷದೊಳಗೆ ಹಾಕಬೇಕು. ದುಡ್ಡಿನ ಜೊತೆ ಆದ ನಷ್ಟಕ್ಕೂ ಪರಿಹಾರ ಕೇಳಬಹುದು. ದೋಷ ಕಣ್ಣಿಗೆ ಕಾಣದ್ದಾದರೆ ಆಯೋಗ ಮಾಲನ್ನು ಲ್ಯಾಬಿಗೆ ಕಳಿಸಬಹುದು, ಆ ಖರ್ಚು ಮೊದಲು ದೂರು ಕೊಟ್ಟವರೇ ಕಟ್ಟಬೇಕಾಗುತ್ತದೆ. ಮೂರು ತಿಂಗಳಲ್ಲಿ ಮುಗಿಸಬೇಕು, ಪರೀಕ್ಷೆ ಬೇಕಾದರೆ ಐದು ತಿಂಗಳು ಅಂತ ಕಾಯ್ದೆಯಲ್ಲಿದೆ. ನಿಜದಲ್ಲಿ ಅದಕ್ಕಿಂತ ಜಾಸ್ತಿ ಹಿಡಿಯುವುದುಂಟು, ಅದನ್ನೂ ಲೆಕ್ಕದಲ್ಲಿಟ್ಟುಕೊಳ್ಳಿ.

ಆನ್‌ಲೈನಿನಲ್ಲಿ ಕೊಂಡವರಿಗೆ ಇನ್ನೂ ನೇರವಾದ ನಿಯಮ ಇದೆ. ನನ್ನ ನಾದಿನಿ ಒಂದು ಸೀರೆ ತರಿಸಿದ್ದಳು. ಪುಟದಲ್ಲಿ “ರಿಟರ್ನ್ ಇಲ್ಲ” ಅಂತಿತ್ತು. ಬಂದ ಸೀರೆಯ ಸೆರಗಿನಲ್ಲಿ ಹೆಬ್ಬೆರಳು ತೂರುವಷ್ಟು ತೂತು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಮಾಲು ದೋಷದ್ದಾದರೆ, ನಕಲಿಯಾದರೆ, ಅಥವಾ ತೋರಿಸಿದಂತೆ ಇಲ್ಲದಿದ್ದರೆ ಮಾರಿದವರು ವಾಪಸ್ ತಗೊಳ್ಳಲು, ದುಡ್ಡು ಕೊಡಲು ನಿರಾಕರಿಸುವಂತಿಲ್ಲ. ದೂರು ಮುಟ್ಟಿದೆ ಅಂತ 48 ಗಂಟೆಯೊಳಗೆ ಹೇಳಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಪೊಟ್ಟಣ ಬಿಚ್ಚುವಾಗ ವಿಡಿಯೋ ಮಾಡಲೇಬೇಕು ಅಂತ ಆ ನಿಯಮದಲ್ಲಿಲ್ಲ. ಆದರೂ ಮಾಡಿಟ್ಟುಕೊಳ್ಳಿ, ವಾದ ಅಲ್ಲಿಗೇ ನಿಲ್ಲುತ್ತದೆ. ಅವಳು ವಿಡಿಯೋ ಮಾಡಿದ್ದಳು, ದುಡ್ಡು ಬಂತು.

ನನಗೆ ಜೂನ್ 3ಕ್ಕೆ ಅಂಗಡಿಯಿಂದ ಫೋನ್ ಬಂತು. “ಇನ್ನೊಂದು ಸಲ ರಿಪೇರಿ ಮಾಡಿಕೊಡ್ತೀವಿ ಅಕ್ಕಾ” ಅಂದರು. ಬೇಡ, ಶಾಫ್ಟಿನ ದೋಷ ಹುಕ್ ಹಾಕಿದರೆ ಹೋಗಲ್ಲ ಅಂತ ಬರೆದೇ ಕಳಿಸಿದೀನಿ ಅಂದೆ. 6ಕ್ಕೆ ಬಂದು ಮಷೀನು ತಗೊಂಡು, 23,500 ಖಾತೆಗೆ ಹಾಕಿದರು. ಆಟೋ ಬಾಡಿಗೆ ಬರಲಿಲ್ಲ. ಅಷ್ಟರಲ್ಲಿ ಮೂರು ಬಂಡಲ್ ಬೇರೆಯವರ ಪಾಲಾಗಿತ್ತು. ಅದಕ್ಕೆ ಪರಿಹಾರ ಕೇಳಿ ಆಯೋಗಕ್ಕೆ ಹೋಗುವ ಹಕ್ಕು ಇತ್ತು, ಆದರೆ ಸಾಲದ ಕಂತು ತಲೆ ಮೇಲಿತ್ತು, ನಾನು ಹೋಗಲಿಲ್ಲ.

ಹೊಸ ಮಷೀನು ಬೇರೆ ಅಂಗಡಿಯಲ್ಲಿ ತಗೊಂಡೆ. ನಾಲ್ಕು ಪದರದ ಜೀನ್ಸ್ ತುಂಡು ಮನೆಯಿಂದಲೇ ಒಯ್ದು ಅಲ್ಲೇ ಹತ್ತು ಸಾಲು ಓಡಿಸಿ ನೋಡಿದೆ. ಅವರ ಬಿಲ್ಲಿನಲ್ಲೂ ಅದೇ ಸಾಲು ಅಚ್ಚಾಗಿತ್ತು. ದುಡ್ಡು ಕೊಡುವ ಮುಂಚೆ ಅದರ ಕೆಳಗೆ ಪೆನ್ನಿನಲ್ಲಿ “ದೋಷವಿದ್ದರೆ 30 ದಿನದೊಳಗೆ ವಾಪಸ್” ಅಂತ ಬರೆಸಿ ಸೀಲು ಹಾಕಿಸಿಕೊಂಡೆ.