ಸಾವಿರಕ್ಕಿಂತ ಕಡಿಮೆ ಇಲ್ಲ: ಒಂದು ಸಣ್ಣ ಆಫ್‌ಸೆಟ್ ಪ್ರೆಸ್ಸಿನ ದರಪಟ್ಟಿಯೊಂದಿಗೆ ಆರು ವರ್ಷ

ಶಿರಸಿಯಲ್ಲಿ ಮನೆಯಲ್ಲೇ ಉಪ್ಪಿನಕಾಯಿ ಮಾಡಿ ಮಾರುವ ನಾನು, ಬಾಟಲಿಗಳ ಬಹುವರ್ಣದ ಲೇಬಲ್‌ಗಳನ್ನು ಆರು ವರ್ಷಗಳಿಂದ ಒಂದೇ ಪ್ರೆಸ್ಸಿನಲ್ಲಿ ಮುದ್ರಿಸಿಕೊಳ್ಳುತ್ತಿದ್ದೇನೆ. ಅಚ್ಚಿನ ಗುಣಮಟ್ಟದ ಬಗ್ಗೆ ತಕರಾರಿಲ್ಲ. ಬರೆಯಬೇಕಾಗಿರುವುದು ಅವರ ದರದ ಬಗ್ಗೆ.

ಈಗಿನ ದರ ಸಾವಿರ ಲೇಬಲ್‌ಗೆ 3,400 ರೂಪಾಯಿ, ಎರಡು ಸಾವಿರಕ್ಕೆ 4,300, ಐದು ಸಾವಿರಕ್ಕೆ 7,000. ಮೊದಲ ವರ್ಷಗಳಲ್ಲಿ ನಾನು ಒಂದು ಲೇಬಲ್ಲಿಗೆ ಬೀಳುವ ಬೆಲೆಯನ್ನಷ್ಟೇ ನೋಡುತ್ತಿದ್ದೆ. ಅದು 3.40 ರೂಪಾಯಿಯಿಂದ 1.40ಕ್ಕೆ ಇಳಿಯುವುದನ್ನು ಕಂಡು ಐದು ಸಾವಿರ ಮಾಡಿಸಿದ್ದೂ ಉಂಟು. ಆದರೆ ಈ ಅಂಕಿಗಳನ್ನು ಕಳೆದು ನೋಡಿದರೆ, ಹೆಚ್ಚುವರಿಯಾಗಿ ಸೇರುವ ಪ್ರತಿ ಸಾವಿರಕ್ಕೂ 900 ರೂಪಾಯಿಯಷ್ಟೇ ಏರುತ್ತದೆ. ಉಳಿದ 2,500 ರೂಪಾಯಿ ನಾಲ್ಕು ಬಣ್ಣದ ಪ್ಲೇಟ್‌ಗಳಿಗೆ, ಯಂತ್ರ ಹೊಂದಿಸುವ ಹೊತ್ತಿಗೆ, ಬಣ್ಣ ಕೂಡುವವರೆಗೆ ಹಾಳಾಗುವ ಹಾಳೆಗಳಿಗೆ ಹೋಗುವ ಹಣ. ನೂರು ಮುದ್ರಿಸಿದರೂ ಅದು ತಪ್ಪದು. ಕನಿಷ್ಠ ಸಾವಿರ ಎಂಬ ನಿಯಮ ಬಂದಿರುವುದು ಇದರಿಂದಲೇ. ನಾನು ಮಾಡಿಸಿದ ಐದು ಸಾವಿರದಲ್ಲಿ 1,700 ಲೇಬಲ್‌ಗಳು ವಿಳಾಸ ಬದಲಾದದ್ದರಿಂದ ರದ್ದಿಗೆ ಹೋದವು.

ನನ್ನ ನಿಜವಾದ ತೊಂದರೆ ಬೇರೆಯಿತ್ತು. ಈ ಕನಿಷ್ಠ ಮಿತಿ ಆರ್ಡರಿಗಲ್ಲ, ಪ್ರತಿ ವಿನ್ಯಾಸಕ್ಕೆ. ಅಪ್ಪೆಮಿಡಿ, ನಿಂಬೆ, ನೆಲ್ಲಿ ಮೂರಕ್ಕೂ ಸಾವಿರದಂತೆ ಮಾಡಿಸಿದರೆ 10,200 ರೂಪಾಯಿ, ಅದರ ಮೇಲೆ ನೆಲ್ಲಿಯ ಲೇಬಲ್ ಎರಡು ವರ್ಷ ಕೂತಿರುತ್ತದೆ. ಕಡೆಗೆ ಮಾಲೀಕರೊಡನೆ ಕೂತು ಮಾತಾಡಿದಾಗ ದಾರಿ ಸಿಕ್ಕಿತು. ಹಾಳೆಯೊಂದರಲ್ಲಿ ಆರು ಲೇಬಲ್ ಕೂರುತ್ತವಾದ್ದರಿಂದ, ಮೂರು ಅಪ್ಪೆಮಿಡಿ, ಎರಡು ನಿಂಬೆ, ಒಂದು ನೆಲ್ಲಿಯನ್ನು ಒಂದೇ ಪ್ಲೇಟಿನಲ್ಲಿ ಜೋಡಿಸಿ 500 ಹಾಳೆ ಓಡಿಸಿದರು. ನನಗೆ ಬೇಕಿದ್ದಂತೆಯೇ 1,500, 1,000 ಮತ್ತು 500 ಲೇಬಲ್ ಬಂದವು. ಬಿಲ್ಲು ಮೂರು ಸಾವಿರದ ಲೆಕ್ಕದಲ್ಲೇ, 5,200 ರೂಪಾಯಿ.

ಇದಕ್ಕೆ ಮಿತಿಯೂ ಇದೆ. ಹಾಳೆ ಓಡುವ ದಿಕ್ಕಿನ ಒಂದೇ ಸಾಲಿನಲ್ಲಿರುವ ಲೇಬಲ್‌ಗಳಿಗೆ ಶಾಯಿಯನ್ನು ಬೇರೆ ಬೇರೆಯಾಗಿ ಹೊಂದಿಸಲಾಗದು. ಅಪ್ಪೆಮಿಡಿಯ ಕೆಂಪು ಗಾಢವಾಗಲೆಂದು ಶಾಯಿ ಏರಿಸಿದಾಗ, ಅದೇ ಸಾಲಿನಲ್ಲಿದ್ದ ನೆಲ್ಲಿಯ ಹಸಿರು ಮಾಸಿ ಕಂದಾಯಿತು. ಹಾಗಾಗಿ ಮೊದಲ ಹಾಳೆಗಳನ್ನು ನಾನೇ ಹೋಗಿ ನೋಡಿ ಒಪ್ಪುತ್ತೇನೆ. ಮೂರಕ್ಕೂ ಕಾಗದ ಒಂದೇ ಇರಬೇಕು, ಆಮೇಲೆ ನೆಲ್ಲಿಯೊಂದೇ ಮುಗಿದರೂ ಆ ಪ್ಲೇಟ್ ಅದಕ್ಕೆ ಒದಗುವುದಿಲ್ಲ. ಅಂಥ ಚಿಲ್ಲರೆ ಅಗತ್ಯಕ್ಕೆ ಲೇಬಲ್ಲಿಗೆ 5 ರೂಪಾಯಿ ಕೊಟ್ಟು ಡಿಜಿಟಲ್ ಮುದ್ರಣ ಮಾಡಿಸುತ್ತೇನೆ. 680 ಲೇಬಲ್‌ವರೆಗೆ ಅದೇ ಅಗ್ಗ.

ದರಪಟ್ಟಿಯಲ್ಲಿ ಈ ಜೋಡಣೆಯ ಸೌಲಭ್ಯವನ್ನು ಅವರು ಇನ್ನೂ ಬರೆದಿಲ್ಲ. ಕೇಳಿದವರಿಗೆ ಮಾತ್ರ ಸಿಗುತ್ತಿದೆ ಎಂಬುದೊಂದೇ ನನ್ನ ಆಕ್ಷೇಪ.