ಅನ್‌ಬಾಕ್ಸಿಂಗ್ ವಿಡಿಯೋಗೆ ಸ್ಕ್ರಿಪ್ಟ್: ಪೂರ್ತಿ ಬರೆಯೋದೋ, ಚೀಟಿ ಸಾಕೋ, ಎರಡು ಕಂತೋ?

ನನ್ನ ಓಟು ಎರಡು ಕಂತಿನ ಸ್ಕ್ರಿಪ್ಟಿಗೆ. ಪೆಟ್ಟಿಗೆ ಬಿಚ್ಚುವ ಭಾಗ ಇವತ್ತು, ವಿಮರ್ಶೆಯ ಭಾಗ ಹತ್ತು ದಿನ ಬಳಸಿದ ಮೇಲೆ. ಮೂರೂ ರೀತಿಯನ್ನು ಹೋಲಿಸಿದ್ದು ಒಂದೇ ವಸ್ತುವಿನ ಮೇಲೆ: ಮೈಸೂರಿನ ಅಂಗಡಿಯಲ್ಲಿ ದುಡ್ಡು ಕೊಟ್ಟು ತಂದ 750 ವ್ಯಾಟಿನ, ಮೂರು ಜಾರಿನ ಮಿಕ್ಸಿ.

ಚೀಟಿಯಲ್ಲಿ ನಾಲ್ಕು ಅಂಶ ಬರೆದುಕೊಂಡು ಮಾತಾಡಿದರೆ ಮಾತು ಸಹಜವಾಗಿರುತ್ತೆ, ಆದರೆ ಹೇಳಿದ್ದೇ ಹೇಳಿ ಎಡಿಟಿಂಗ್‌ನಲ್ಲಿ ಅರ್ಧ ಕತ್ತರಿಸಬೇಕಾಗುತ್ತೆ. ಬೆಲೆ, ವಾರಂಟಿಯಂಥ ಅಂಕಿಗಳೂ ಬಾಯಿ ತಪ್ಪುತ್ತವೆ. ಅದರ ಬಗ್ಗೆ ಇಷ್ಟು ಸಾಕು.

ನಿಜವಾದ ತೊಡಕು ಇರೋದು ಪೂರ್ತಿ ಸ್ಕ್ರಿಪ್ಟಿನಲ್ಲಿ. ಪೆಟ್ಟಿಗೆ ತೆರೆಯೋ ಮೊದಲೇ ಬರೆಯೋದರಿಂದ ಕೈಗೆ ಸಿಗೋ ಮಾಹಿತಿ ಅಂದರೆ ಪೆಟ್ಟಿಗೆ ಮೇಲಿನ ಬರಹ ಮತ್ತು ಕಂಪನಿಯ ಪುಟ ಮಾತ್ರ. ಹಾಗಾಗಿ "ಶಕ್ತಿಶಾಲಿ ಮೋಟರ್, ಕ್ಷಣಾರ್ಧದಲ್ಲಿ ನುಣ್ಣಗೆ" ಅನ್ನೋ ಜಾಹೀರಾತಿನ ಮಾತೇ ನಮ್ಮ ಬಾಯಲ್ಲಿ ಬರುತ್ತೆ. ಇನ್ನೂ ರುಬ್ಬೇ ಇಲ್ಲ, ಆಗಲೇ ತೀರ್ಪು!

ಸೀಲ್ ಕತ್ತರಿಸೋದು ಒಂದೇ ಸಲ, ಆ ದೃಶ್ಯ ಮತ್ತೆ ಸಿಗಲ್ಲ. ಅಲ್ಲಿ "ಚಟ್ನಿ ಜಾರ್ ಸೂಪರ್" ಅಂದುಬಿಟ್ಟು, ವಾರದ ನಂತರ ಸ್ವಲ್ಪವೇ ಕಾಯಿ ಹಾಕಿದಾಗ ಚೂರುಗಳೆಲ್ಲ ಬ್ಲೇಡಿಗೆ ಸಿಗದೆ ಜಾರಿನ ಗೋಡೆಗೆ ಅಂಟಿದರೆ ಏನು ಮಾಡ್ತೀರಿ? ಆ ಹೊಗಳಿಕೆ ತೆಗೆದರೆ ದೃಶ್ಯ ತುಂಡಾಗುತ್ತೆ. ಉಳಿಸಿಕೊಂಡರೆ ದೋಷವನ್ನ ಕೊನೆಗೆ "ಅಂದಹಾಗೆ" ಅಂತ ಒಂದು ಸಾಲಲ್ಲಿ ತುರುಕಬೇಕು. ಎಷ್ಟೋ ವಿಡಿಯೋ ಸುಳ್ಳಾಗೋದು ಹೀಗೆ. ಯಾರೂ ಬೇಕಂತ ಸುಳ್ಳು ಹೇಳಿರಲ್ಲ.

ಎರಡು ಕಂತಿನಲ್ಲಿ ಮೊದಲ ದಿನದ ನಿಯಮ ಒಂದೇ: ಕಣ್ಣಿಗೆ ಕಂಡದ್ದು, ಅಳತೆಗೆ ಸಿಕ್ಕಿದ್ದು ಮಾತ್ರ. ಬಿಲ್ಲಿನ ಬೆಲೆ, ಟೇಪಿನಲ್ಲಿ ಅಳೆದ ವಯರಿನ ಉದ್ದ, ಮುಚ್ಚಳದ ರಬ್ಬರ್ ಕೂರುತ್ತೋ ಇಲ್ಲವೋ, ವಾರಂಟಿ ಕಾರ್ಡಿನಲ್ಲಿ ಮೋಟರಿಗೆಷ್ಟು, ಉಳಿದದ್ದಕ್ಕೆಷ್ಟು. ಚೆನ್ನಾಗಿದೆ, ಸಖತ್ತಾಗಿದೆ ಅನ್ನೋದೆಲ್ಲ ಎರಡನೇ ಕಂತಿಗೆ.

ಆ ಕಂತಿಗೆ ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಹೇಳೋ ಮಾತು, ಅದಕ್ಕೆ ಪುರಾವೆ, ತೋರಿಸೋ ದೃಶ್ಯ. ನಡುವಿನ ಕಾಲಂ ಖಾಲಿ ಉಳಿದ ಸಾಲನ್ನ ಹೊಡೆದುಹಾಕಿ. "ಮೋಟರ್ ಪವರ್‌ಫುಲ್" ಅಲ್ಲಿ ನಿಲ್ಲಲ್ಲ. "ಬಸ್ಸಾರಿನ ಖಾರಕ್ಕೆ ಬೆಂದ ಸೊಪ್ಪು, ಕಾಯಿ, ಬೆಳ್ಳುಳ್ಳಿ ಹಾಕಿದೆ, ಎರಡು ಸಲ ನಿಲ್ಲಿಸಿ ಕೆದಕಬೇಕಾಯ್ತು" ಅನ್ನೋದು ನಿಲ್ಲುತ್ತೆ, ಯಾಕಂದ್ರೆ ರುಬ್ಬಿದ ದೃಶ್ಯ ಜೊತೆಗಿದೆ. ಈ ಸಾಲುಗಳನ್ನ ಆಡುಮಾತಿನಲ್ಲೇ ಬರೆದುಕೊಳ್ಳಿ. "ಕಾರ್ಯನಿರ್ವಹಿಸುತ್ತದೆ" ಅಂತ ಬರೆದರೆ ಓದುವಾಗ ವಾರ್ತೆ ಥರ ಕೇಳುತ್ತೆ.

ದೋಷವನ್ನ ಕೊನೆಗೆ ಗುಡ್ಡೆ ಹಾಕಬೇಡಿ, ಆಯಾ ಫೀಚರಿನ ಪಕ್ಕದಲ್ಲೇ ಹೇಳಿ. ಯಾವ ಸಂದರ್ಭದಲ್ಲಿ, ಎಷ್ಟು ಹಾಕಿದಾಗ, ಯಾರಿಗೆ ತೊಂದರೆ ಅನ್ನೋ ಮೂರೂ ಇರಲಿ: "ಇಬ್ಬರೇ ಇರೋ ಮನೆಯಲ್ಲಿ ಸ್ವಲ್ಪ ಚಟ್ನಿಗೆ ಈ ಜಾರ್ ಸರಿಯಾಗಲ್ಲ, ಐದಾರು ಜನರಿಗೆ ರುಬ್ಬೋರಿಗೆ ಗೊತ್ತೇ ಆಗಲ್ಲ."

ಅದಕ್ಕೂ ಮೊದಲು ಅದು ವಸ್ತುವಿನ ದೋಷವೋ, ನಮ್ಮ ಬಳಕೆಯದೋ ನೋಡಿ. ರುಬ್ಬುತ್ತಾ ಮಿಕ್ಸಿ ನಿಂತುಹೋದರೆ ಅದು ಕೆಟ್ಟಿದೆ ಅಂತಲ್ಲ. ಭಾರ ಹೆಚ್ಚಾದಾಗ ಮೋಟರ್ ಸುಡದಿರಲೆಂದು ಓವರ್‌ಲೋಡ್ ಸ್ವಿಚ್ ಕರೆಂಟ್ ಕಡಿಯುತ್ತೆ. ಮಿಕ್ಸಿ ಆಫ್ ಮಾಡಿ, ತಣ್ಣಗಾದ ಮೇಲೆ ತಳದ ಬಟನ್ ಒತ್ತಿದರೆ ಮತ್ತೆ ಓಡುತ್ತೆ. ಕೈಪಿಡಿ ಹೇಳಿದಷ್ಟೇ ಹಾಕಿ, ಹೇಳಿದಷ್ಟೇ ಹೊತ್ತು ಓಡಿಸಿದರೂ ನಿಂತರೆ ಆಗ ಬರೆದುಕೊಳ್ಳಿ. ವೋಲ್ಟೇಜ್ ಕೂಡ ಗಮನಿಸಿ. ಮಂಡ್ಯ ಕಡೆಯ ಹಳ್ಳಿಯಲ್ಲಿ ಸಂಜೆ ವೋಲ್ಟೇಜ್ ಇಳಿದಿದ್ದರೆ ಅದೇ ಮಿಕ್ಸಿ ನಿಧಾನವಾಗಿ ತಿರುಗುತ್ತೆ.

ಕಂಪನಿಯವರೇ ಮಿಕ್ಸಿ ಕಳಿಸಿದ್ದರೆ ಅದನ್ನ ಮೊದಲ ಸಾಲಲ್ಲೇ ಬಾಯಿಬಿಟ್ಟು ಹೇಳಿ. ಜಾಹೀರಾತು ಮಾನದಂಡ ಮಂಡಳಿಯ 2021ರ ಮಾರ್ಗಸೂಚಿ ಪ್ರಕಾರ ಎರಡು ನಿಮಿಷ ಅಥವಾ ಹೆಚ್ಚಿನ ವಿಡಿಯೋದಲ್ಲಿ, ಆ ಬ್ರ್ಯಾಂಡಿನ ಮಾತು ನಡೆಯೋ ಭಾಗದುದ್ದಕ್ಕೂ ಪರದೆ ಮೇಲೆ ಲೇಬಲ್ ಇರಬೇಕು. ಡಿಸ್ಕ್ರಿಪ್ಷನ್ನಿನ ತಳದಲ್ಲಿ ಬರೆದರೆ ಸಾಲದು.

ಫೋನು, ಒಂದು ಕಾಲರ್ ಮೈಕು, ಎಡಿಟಿಂಗೂ ತಾನೇ ಮಾಡ್ಕೊಳ್ಳೋ ನನ್ನಂಥೋರಿಗೆ ಎರಡು ಕಂತೇ ಅಗ್ಗ: ಎರಡನೇ ಕಂತು ಬರೀ ಧ್ವನಿ, ರುಬ್ಬುವ ದೃಶ್ಯಗಳ ಮೇಲೆ ಓದಿ ಕೂರಿಸಿದರಾಯ್ತು. ಮಿಕ್ಸಿ ಗದ್ದಲದ ಮೇಲೆ ಕೂಗೋದೂ ತಪ್ಪುತ್ತೆ. ಬಿಡುಗಡೆಯ ದಿನವೇ ವಿಡಿಯೋ ಹಾಕಬೇಕು ಅನ್ನೋರಿಗೆ ಇದು ಆಗಿಬರಲ್ಲ. ಅವರು ಮೊದಲ ಕಂತನ್ನಷ್ಟೇ ಹಾಕಿ, ಶೀರ್ಷಿಕೆಯಲ್ಲಿ "ವಿಮರ್ಶೆ" ಅನ್ನೋ ಪದ ಬಿಡಲಿ.